ಮರವಂತೆಗೆ ಹೋಗದ ಹುಡುಗ

ಕಾಲೇಜು ಕಾರ್ಯಾಗಾರದ ಸ್ವಾಗತ ಭಾಷಣ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ವೇದಿಕೆಯಲ್ಲಿ ಆಸೀನರಾದವರ ಹೆಸರು, ಹುದ್ದೆ, ಕೈಗೊಂದು ಹೂವಿನ ಗಿಡ, ಚಪ್ಪಾಳೆ. ಉಡುಪಿ ಜಿಲ್ಲೆಯ ಕಾಲೇಜೊಂದರ ಫೋಟೋಗ್ರಫಿ ಕ್ಲಬ್ಬು ದೃಶ್ಯ ಜೋಡಣೆಯ ಬಗ್ಗೆ ಕಾರ್ಯಾಗಾರ ಇಟ್ಟುಕೊಂಡಿತ್ತು. ಬೇರೆ ಬೇರೆ ಕಡೆ ತೆಗೆದ ಫೋಟೋಗಳನ್ನು ಸೇರಿಸಿ ಒಂದೇ ದೃಶ್ಯವಾಗಿಸುವ ಈ ಕೆಲಸಕ್ಕೆ ಸಿನಿಮಾದವರು ಕಾಂಪೋಸಿಟಿಂಗ್ ಅನ್ನುತ್ತಾರೆ. ಕ್ಲಬ್ಬಿನ ಅಧ್ಯಕ್ಷೆ ಅಂತಿಮ ಬಿ.ಎಸ್ಸಿ. ಹುಡುಗಿ. ಪ್ರಾಂಶುಪಾಲರಿಗೂ ಸಂಪನ್ಮೂಲ ವ್ಯಕ್ತಿಗೂ ಸಲ್ಲಬೇಕಾದದ್ದನ್ನು ಚುಟುಕಾಗಿ ಸಲ್ಲಿಸಿ, ಪರದೆಯ ಮೇಲೆ ಒಂದು ಚಿತ್ರ ಹಾಕಿದಳು. ಆಮೇಲೆ ಅವಳು ಆಡಿದ್ದು ಸ್ವಾಗತವೋ ಮೊದಲ ಪಾಠವೋ ಹೇಳುವುದು ಕಷ್ಟ. ನನಗಂತೂ ಅದೇ ಆ ದಿನದ ಒಳ್ಳೆಯ ಭಾಗ ಅನ್ನಿಸಿತು.

ಚಿತ್ರದಲ್ಲಿ ಮರವಂತೆಯ ಕಡಲ ತೀರ. ಸಂಜೆಯ ಹೊತ್ತು, ಕಪ್ಪು ಬಂಡೆಗಳು, ಮುಳುಗಲು ಇನ್ನೂ ಒಂದು ಗಂಟೆಯಿರುವ ಸೂರ್ಯ. ಮರಳಿನ ಮೇಲೆ ಕೈಕಟ್ಟಿ ನಿಂತ ಹುಡುಗ, ಕ್ಲಬ್ಬಿನವನೇ. ಅವನು ಮರವಂತೆಗೆ ಹೋಗಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಕಾಲೇಜಿನ ಅಂಗಳದಲ್ಲಿ ತೆಗೆದ ಅವನ ಫೋಟೋವನ್ನು ಕತ್ತರಿಸಿ ಅಲ್ಲಿ ಕೂರಿಸಿದ್ದರು. ಕತ್ತರಿಸಿದ ಅಂಚು ಅಚ್ಚುಕಟ್ಟಾಗಿಯೇ ಇತ್ತು. “ಹೇಗುಂಟು?” ಎಂದು ಕೇಳಿದ್ದಕ್ಕೆ ಹಿಂದಿನ ಬೆಂಚಿನಿಂದ ಉತ್ತರ ಬಂತು: “ಚಂದ ಉಂಟು, ಆದ್ರೆ ಎಂತದೋ ಸಮ ಇಲ್ಲ.”

“ಆ ‘ಎಂತದೋ’ ಯಾವುದು ಅಂತ ಹುಡುಕುವುದಕ್ಕೇ ಇವತ್ತಿನ ಕಾರ್ಯಾಗಾರ” ಎಂದಳು ಅಧ್ಯಕ್ಷೆ. ಜೋಡಣೆ ಕೆಟ್ಟಿತೆಂದರೆ ನಾವು ಮೊದಲು ಅಂಚನ್ನು ದೂರುತ್ತೇವೆ. ನೋಡುವವರ ಕಣ್ಣಿಗೆ ಮೊದಲು ತಾಗುವುದು ಮಾತ್ರ ಬೇರೆ ಎರಡು ಸಂಗತಿ: ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು ಮತ್ತು ಬೆಳಕು ಎಲ್ಲಿಂದ ಬಂತು. ಅವಳ ಮಾತೆಲ್ಲ ಈ ಎರಡರ ಸುತ್ತಲೇ ಇತ್ತು.

ಮೊದಲು ಎತ್ತರ. ಸಮುದ್ರದ ಫೋಟೋದಲ್ಲಿ ನೀರೂ ಆಕಾಶವೂ ಸೇರುವ ಗೆರೆ ಯಾವಾಗಲೂ ಕ್ಯಾಮೆರಾದ ಮಟ್ಟದಲ್ಲೇ ಇರುತ್ತದೆ. ನೆಲದಿಂದ 150 ಸೆಂಟಿಮೀಟರ್ ಎತ್ತರದಲ್ಲಿ ಕ್ಯಾಮೆರಾ ಹಿಡಿದು ತೆಗೆದರೆ, ಸಮತಟ್ಟಾದ ಮರಳಿನ ಮೇಲೆ ನಿಂತ ಪ್ರತಿಯೊಬ್ಬರನ್ನೂ ಆ ಗೆರೆ ಅವರವರ 150 ಸೆಂಟಿಮೀಟರಿನ ಮಟ್ಟದಲ್ಲೇ ಹಾದುಹೋಗುತ್ತದೆ. ಹತ್ತಿರ ನಿಂತವನು ಚಿತ್ರದಲ್ಲಿ ದೊಡ್ಡವನು, ದೂರ ನಿಂತವನು ಚಿಕ್ಕವನು. ಇಬ್ಬರೂ 170 ಸೆಂಟಿಮೀಟರಿನವರಾದರೆ ಗೆರೆ ಇಬ್ಬರ ಗಲ್ಲದ ಹತ್ತಿರವೇ ಹಾಯುತ್ತದೆ. ನಂಬಿಕೆ ಬರದಿದ್ದರೆ ನಿಮ್ಮ ಮೊಬೈಲಿನಲ್ಲಿರುವ ಯಾವುದಾದರೂ ಬೀಚ್ ಫೋಟೋ ತೆಗೆದು ನೋಡಿ. ಹಿಂದೆ ನಿಂತ ಅಪರಿಚಿತರ ತಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಕಾಣುತ್ತವೆ. ತೀರ ಇಳಿಜಾರಾಗಿದ್ದರೆ ಲೆಕ್ಕ ಸ್ವಲ್ಪ ತಪ್ಪುತ್ತದೆ. ನೀರಿನ ಅಂಚಿಗೆ ನಿಂತವನು ತಗ್ಗಿನಲ್ಲಿರುವುದರಿಂದ ಗೆರೆ ಅವನ ಹಣೆಗೋ ತಲೆಯ ಮೇಲಕ್ಕೋ ಏರುತ್ತದೆ.

ಇದರಿಂದ ಒಂದು ಅನುಕೂಲವಿದೆ. ಹುಡುಗನನ್ನು ಎಷ್ಟು ದೊಡ್ಡದು ಮಾಡಬೇಕು ಎಂದು ಅಂದಾಜಿನಲ್ಲಿ ಎಳೆದಾಡಬೇಕಿಲ್ಲ. ಅವನ ಪಾದ ಮರಳಿನ ಯಾವ ಜಾಗದಲ್ಲಿರಬೇಕೋ ಅಲ್ಲಿ ಇಟ್ಟು, ಗಲ್ಲ ಗೆರೆಗೆ ಮುಟ್ಟುವವರೆಗೆ ಹಿಗ್ಗಿಸಿದರೆ ಅಳತೆ ತಾನಾಗಿ ಸರಿಯಾಗುತ್ತದೆ. ಪಾದ ಕೆಳಗೆ ಬಂದಷ್ಟೂ ಆಳು ದೊಡ್ಡವನಾಗುತ್ತಾನೆ, ಗಲ್ಲ ಮಾತ್ರ ಗೆರೆ ಬಿಟ್ಟು ಕದಲುವುದಿಲ್ಲ.

ಆದರೆ ಪರದೆಯ ಮೇಲಿನ ಹುಡುಗನಿಗೆ ಈ ಉಪಾಯವೂ ಸಾಲುತ್ತಿರಲಿಲ್ಲ. ಅವನ ಫೋಟೋ ತೆಗೆದ ಗೆಳೆಯ ಅಂಗಳದ ಮೆಟ್ಟಿಲುಗಳ ಮೇಲೆ ನಿಂತಿದ್ದ. ಕ್ಯಾಮೆರಾ ಹುಡುಗನ ತಲೆಗಿಂತ ಮೇಲಿತ್ತು. ಹಾಗಾಗಿ ನೆತ್ತಿ ಹೆಚ್ಚು ಕಾಣುತ್ತಿತ್ತು, ಚಪ್ಪಲಿಯ ಮೇಲ್ಭಾಗ ಪೂರ್ತಿ ತೋರುತ್ತಿತ್ತು. ಮರವಂತೆಯ ಮರಳನ್ನು ನೋಡಿದ್ದು ಎದೆಮಟ್ಟದ ಕಣ್ಣು, ಹುಡುಗನನ್ನು ನೋಡಿದ್ದು ಮೇಲಿನ ಕಣ್ಣು. ಅವನು ಮುಗ್ಗರಿಸಿ ನಮ್ಮ ಕಡೆ ಬೀಳುವಂತೆ ಕಾಣುತ್ತಿದ್ದುದು ಅದಕ್ಕೇ. ಅಂಗಳದ ಫೋಟೋದಲ್ಲಿ ಕಡಲಿನ ಗೆರೆ ಇಲ್ಲದಿದ್ದರೂ ಅದರ ಮಟ್ಟ ಕಂಡುಹಿಡಿಯಬಹುದು ಎಂದು ತೋರಿಸಲು ಅವಳು ನೆಲದ ಟೈಲ್ಸಿನ ಸಾಲುಗಳ ಮೇಲೆ ಎರಡು ಕೆಂಪು ಗೆರೆ ಎಳೆದಳು. ನಿಜದಲ್ಲಿ ಸಮಾನಾಂತರವಾಗಿರುವ ಆ ಸಾಲುಗಳು ಫೋಟೋದಲ್ಲಿ ದೂರ ಹೋದಂತೆ ಒಂದನ್ನೊಂದು ಸಮೀಪಿಸಿ, ಮುಂದುವರಿಸಿದರೆ ಒಂದು ಬಿಂದುವಿನಲ್ಲಿ ಸೇರುತ್ತವೆ. ಅದೇ ಆ ಫೋಟೋದ ಕ್ಯಾಮೆರಾ ಮಟ್ಟ. ಬಿಂದು ಹುಡುಗನ ತಲೆಯ ಮೇಲಕ್ಕೆ ಬಿತ್ತು. ಸಭಾಂಗಣದಲ್ಲಿ ಸಣ್ಣಗೆ ಗುಜುಗುಜು ಎದ್ದಿತು.

ಇನ್ನು ಬೆಳಕು. ಮರವಂತೆಯಲ್ಲಿ ಸಮುದ್ರ ಪಶ್ಚಿಮಕ್ಕೆ. ಸಂಜೆ ಕಡಲಿನತ್ತ ಕ್ಯಾಮೆರಾ ತಿರುಗಿಸಿದರೆ ಸೂರ್ಯ ನಮ್ಮೆದುರಿಗೆ, ಎಂದರೆ ನಮಗೆ ಮುಖ ಕೊಟ್ಟು ನಿಂತವನ ಬೆನ್ನಿಗೆ. ಅವನ ಮುಖ ಮಬ್ಬಾಗಿರಬೇಕು, ಕೂದಲ ಅಂಚು, ಕಿವಿ, ಭುಜದ ಮೇಲೆ ಬಂಗಾರದ ಬಣ್ಣದ ತೆಳುಗೆರೆ ಹೊಳೆಯಬೇಕು, ನೆರಳು ನಮ್ಮ ಕಡೆಗೆ ಚಾಚಿರಬೇಕು. ಸೂರ್ಯನು ದಿಗಂತದಿಂದ 45 ಡಿಗ್ರಿ ಮೇಲಿದ್ದಾಗ ನೆರಳು ಆಳಿನಷ್ಟೇ ಉದ್ದ. ಮುಳುಗಲು ಒಂದು ಗಂಟೆಯಿರುವಾಗ ನಮ್ಮ ಕರಾವಳಿಯಲ್ಲಿ ಅದು ಆಳಿನ ಸುಮಾರು ನಾಲ್ಕು ಪಟ್ಟು. 170 ಸೆಂಟಿಮೀಟರಿನ ಹುಡುಗನಿಗೆ ಹತ್ತಿರ ಹತ್ತಿರ ಏಳು ಮೀಟರ್. ಚಿತ್ರದಲ್ಲಿದ್ದದ್ದೇನು? ನಡುಮಧ್ಯಾಹ್ನದ ಬಿಸಿಲು. ಹುಬ್ಬಿನ ಕೆಳಗೆ, ಮೂಗಿನ ಕೆಳಗೆ ಕಪ್ಪು. ಕೆನ್ನೆ, ಭುಜ ಎಲ್ಲ ಬೆಳ್ಳಗೆ. ನೆರಳು ಕಾಲಬುಡದಲ್ಲಿ ಮುದುಡಿದ ಮಚ್ಚೆ.

ಕೆಲವರು ಇಂಥಲ್ಲಿ ಚಿತ್ರದ ಮೇಲೆಲ್ಲ ಕಿತ್ತಳೆ ಬಣ್ಣ ಬಳಿದು ಸಂಜೆಯಾಯಿತು ಎನ್ನುತ್ತಾರೆ. ಬಣ್ಣವನ್ನು ಸಾಕಷ್ಟು ತಿದ್ದಬಹುದು, ಹೊಳಪನ್ನೂ ತಿದ್ದಬಹುದು. ಆದರೆ ಮೂಗಿನ ಕೆಳಗೆ ಬಿದ್ದ ನೆರಳನ್ನು ಎತ್ತಿ ಬೇರೆಡೆ ಇಡುವುದು ಫೋಟೋ ತಿದ್ದುವ ಕೆಲಸವಲ್ಲ, ಮುಖವನ್ನು ಹೊಸದಾಗಿ ಬರೆಯುವ ಕೆಲಸ. ಅದಕ್ಕಿಂತ ಮತ್ತೊಮ್ಮೆ ಫೋಟೋ ತೆಗೆಯುವುದು ಸುಲಭ. ಕ್ಲಬ್ಬಿನವರು ಮಾಡಿದ್ದೂ ಅದನ್ನೇ. ಹುಡುಗನನ್ನು ಸಂಜೆ ಕಾಲೇಜಿನ ಮೈದಾನಕ್ಕೆ ಕರೆದುಕೊಂಡು ಹೋಗಿ, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ, ಟ್ರೈಪಾಡನ್ನು ಟೇಪ್ ಹಿಡಿದು 150 ಸೆಂಟಿಮೀಟರಿಗೆ ಏರಿಸಿದರು. ಹಿನ್ನೆಲೆಗೆ ಬಿಳಿ ಗೋಡೆ ಬಿಟ್ಟು ಬರಿಯ ಆಕಾಶ ಸಿಗುವ ಕಡೆ ನಿಲ್ಲಿಸಿದ್ದು ಕೂದಲಿಗಾಗಿ. ಗೋಡೆಯ ಮುಂದೆ ನಿಲ್ಲಿಸಿದರೆ ಕೂದಲೆಳೆಗಳ ನಡುವೆ ಗೋಡೆಯ ಬಿಳುಪು ಉಳಿದುಕೊಂಡು ಹೊಸ ಹಿನ್ನೆಲೆಯಲ್ಲಿ ಹೊಳೆಯುತ್ತದೆ.

ಎರಡನೆಯ ಚಿತ್ರ ಪರದೆಗೆ ಬಂತು. ಹುಡುಗ ಈಗ ಮರಳಿನ ಮೇಲೆ ನಿಂತಿದ್ದ, ಆದರೂ ಒಂದಿಷ್ಟು ತೇಲಿದಂತಿದ್ದ. ಅಂಗಾಲೂ ಮರಳೂ ಕೂಡುವಲ್ಲಿ ಒಂದು ತೆಳುವಾದ ಗಾಢ ನೆರಳು ಇರುತ್ತದೆ. ಬೆಳಕು ನುಸುಳದ ಆ ಸಂದು ಇಲ್ಲದಿದ್ದರೆ ಯಾವ ಆಳೂ ನೆಲಕ್ಕೆ ಅಂಟುವುದಿಲ್ಲ. ಅದನ್ನು ಸೇರಿಸಿ, ಅಂಗಾಲಿನ ಅಂಚಿಗೆ ಒಂದಿಷ್ಟು ಮರಳು ಮುಚ್ಚಿದರು. ಉದ್ದ ನೆರಳಿಗೆ ಕಪ್ಪು ಬಣ್ಣ ಬಳಸಲಿಲ್ಲ. ಹೊರಗಿನ ನೆರಳಿಗೂ ಆಕಾಶದ ನೀಲಿ ಬೆಳಕು ಬೀಳುತ್ತಿರುತ್ತದೆ, ಆದ್ದರಿಂದ ಅದೇ ಚಿತ್ರದ ಬಂಡೆಯ ನೆರಳಿನಿಂದ ಬಣ್ಣ ತೆಗೆದುಕೊಂಡರು. ಸೂರ್ಯ ಚೌಕಟ್ಟಿನೊಳಗೇ ಇರುವಾಗ ನೆರಳುಗಳು ಅವನ ನೇರ ಕೆಳಗಿನ ಬಿಂದುವಿನಿಂದ ನಮ್ಮತ್ತ ಹರಡಿಕೊಂಡಂತೆ ಕಾಣುತ್ತವೆ. ಹುಡುಗ ಸೂರ್ಯನ ಎಡಕ್ಕಿದ್ದುದರಿಂದ ಅವನ ನೆರಳು ಎಡಕ್ಕೇ ವಾಲಿತು.

ಇಷ್ಟಕ್ಕೆ ಯಾವ ಸಾಫ್ಟ್‌ವೇರ್ ಎಂದು ಒಬ್ಬ ಕೇಳಿದ. ಫೋಟೋಶಾಪ್ ಇದ್ದರೆ ಫೋಟೋಶಾಪ್, ಇಲ್ಲದಿದ್ದರೆ ಹಣ ಕೊಡಬೇಕಿಲ್ಲದ ಜಿಂಪ್. ಎರಡರಲ್ಲೂ ಬೇಕಾದದ್ದು ಮಾಸ್ಕ್: ಅದರ ಮೇಲೆ ಕಪ್ಪು ಬಳಿದ ಕಡೆ ಮೇಲಿನ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದರೆ ಮರಳಿ ಬರುತ್ತದೆ. ಅಳಿಸುವ ರಬ್ಬರನ್ನು ಮುಟ್ಟಬೇಡಿ, ಅಳಿಸಿ ಉಳಿಸಿದ್ದನ್ನು ಮರುದಿನ ಹಿಂದಕ್ಕೆ ತರಲಾಗದು ಎಂದಳು.

ಕಂಪ್ಯೂಟರಿಗೆ ಬಹಳ ಮೊದಲೇ ಈ ಕಷ್ಟಗಳನ್ನು ಬಲ್ಲವರಿದ್ದರು. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1856-57ರ ಹೊತ್ತಿಗೆ ಸಮುದ್ರದ ಚಿತ್ರಗಳನ್ನು ತೆಗೆದಾಗ ಅವನ ಗಾಜಿನ ನೆಗೆಟಿವ್‌ಗಳು ನೀಲಿ ಬೆಳಕಿಗೆ ವಿಪರೀತ ಸೂಕ್ಷ್ಮವಾಗಿದ್ದವು. ಅಲೆಗಳು ಸರಿಯಾಗಿ ಮೂಡುವಷ್ಟು ಹೊತ್ತು ಬೆಳಕು ಕೊಟ್ಟರೆ ಆಕಾಶ ಪೂರ್ತಿ ಬಿಳಿಚಿಕೊಳ್ಳುತ್ತಿತ್ತು. ಅವನು ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು, ಮುದ್ರಿಸುವಾಗ ಎರಡನ್ನೂ ದಿಗಂತದ ಗೆರೆಯಲ್ಲಿ ಸೇರಿಸಿದ. ಒಂದೇ ಮೋಡ ಅವನ ಒಂದಕ್ಕಿಂತ ಹೆಚ್ಚು ಕಡಲುಗಳ ಮೇಲೆ ತೇಲುತ್ತದೆ.

ನಮ್ಮಲ್ಲಿ 1977ರ ‘ಬಭ್ರುವಾಹನ’ದಲ್ಲಿ ರಾಜ್‌ಕುಮಾರ್ ಅರ್ಜುನನೂ ಹೌದು, ಅವನೆದುರು ನಿಂತ ಮಗನೂ ಹೌದು. ಆ ಕಾಲದ ದ್ವಿಪಾತ್ರಗಳಿಗೆ ರೂಢಿಯಲ್ಲಿದ್ದ ವಿಧಾನ ಸರಳ. ಲೆನ್ಸಿನ ಅರ್ಧ ಮುಚ್ಚಿ ಒಂದು ಪಾತ್ರ ಚಿತ್ರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ತೆರೆದು ಮತ್ತೊಂದನ್ನು ಚಿತ್ರಿಸುವುದು. ಅಷ್ಟರಲ್ಲಿ ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು, ದೀಪ ಬದಲಾಗಬಾರದು, ನಟ ನಡುವಿನ ಗೆರೆ ದಾಟಬಾರದು. ದಾಟಿದ ಕೈ ಅಲ್ಲೇ ತುಂಡಾಗುತ್ತದೆ. ಮೊದಲ ದಿನದ ಅಭ್ಯಾಸವಾಗಿ ಅಧ್ಯಕ್ಷೆ ಇದನ್ನೇ ಕೊಟ್ಟಳು: ಒಂದೇ ಬೆಂಚಿನ ಎರಡು ತುದಿಯಲ್ಲಿ ಒಬ್ಬನನ್ನೇ ಕೂರಿಸಿ ಎರಡು ಫೋಟೋ. ಟ್ರೈಪಾಡ್ ಅಲುಗಿಸದೆ, ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಆಟೋದಿಂದ ತೆಗೆದು. ಎತ್ತರ, ಬೆಳಕು ಎರಡೂ ತಾವಾಗಿ ಹೊಂದುವುದರಿಂದ ಹೊಸಬರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ನಡುವೆ ಮೋಡ ಅಡ್ಡ ಬಂದರೆ ಮಾತ್ರ ಬೆಂಚಿನ ಒಂದು ಅರ್ಧ ಬಿಸಿಲಲ್ಲೂ ಇನ್ನೊಂದು ನೆರಳಲ್ಲೂ ಉಳಿಯುತ್ತದೆ.

ಕೊನೆಗೆ ಒಬ್ಬ ಉಪನ್ಯಾಸಕರು ಎಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆ ಎತ್ತಿದರು: ಇದು ಮೋಸವಲ್ಲವೇ? ಅವಳು 2003ರ ಇರಾಕ್ ಯುದ್ಧದ ಒಂದು ಪ್ರಕರಣ ಹೇಳಿದಳು. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಛಾಯಾಗ್ರಾಹಕ ಬ್ರಯಾನ್ ವಾಲ್ಸ್ಕಿ ಕ್ಷಣಗಳ ಅಂತರದಲ್ಲಿ ತೆಗೆದ ತನ್ನವೇ ಎರಡು ಫೋಟೋಗಳನ್ನು ಸೇರಿಸಿ ಕಳಿಸಿದ. ಸೈನಿಕನ ಭಂಗಿ ಒಂದರಲ್ಲಿ ಚೆನ್ನಾಗಿತ್ತು, ಎದುರಿಗಿದ್ದವನದು ಇನ್ನೊಂದರಲ್ಲಿ. ಹಿಂದೆ ಕುಳಿತಿದ್ದ ಕೆಲವರು ಚಿತ್ರದಲ್ಲಿ ಎರಡೆರಡು ಬಾರಿ ಕಂಡದ್ದರಿಂದ ಸಿಕ್ಕಿಬಿದ್ದ, ಪತ್ರಿಕೆ ಅವನನ್ನು ಕೆಲಸದಿಂದ ತೆಗೆಯಿತು. ಲೆ ಗ್ರೇ ಮಾಡಿದ್ದೂ ಎರಡು ನೆಗೆಟಿವ್‌ಗಳ ಜೋಡಣೆಯೇ. ಆದರೆ ವಾಲ್ಸ್ಕಿಯ ಚಿತ್ರ ಸುದ್ದಿಯೆಂದು ಅಚ್ಚಾಯಿತು, ಓದುಗರು ಅದನ್ನು ಕಂಡದ್ದು ಕಂಡಂತೆ ಎಂದು ನಂಬಿದ್ದರು.

ಕ್ಲಬ್ಬಿನ ವಾರ್ಷಿಕ ಪ್ರದರ್ಶನಕ್ಕೂ ಅವರು ಒಂದು ನಿಯಮ ಮಾಡಿಕೊಂಡಿದ್ದಾರೆ. ಹೀಗೆ ಸೇರಿಸಿದ ಚಿತ್ರವಾದರೆ ಕೆಳಗಿನ ಚೀಟಿಯಲ್ಲಿ ‘ಜೋಡಿಸಿದ ಚಿತ್ರ’ ಎಂದು ಬರೆದು, ಯಾವ ಭಾಗ ಎಲ್ಲಿ ತೆಗೆದದ್ದು ಎಂದು ತಿಳಿಸಬೇಕು. ನಿಸರ್ಗ ವಿಭಾಗಕ್ಕೂ ಸುದ್ದಿಚಿತ್ರ ವಿಭಾಗಕ್ಕೂ ಅಂಥ ಚಿತ್ರ ತರುವಂತೆಯೇ ಇಲ್ಲ. ಚೀಟಿ ಇಲ್ಲದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಗೋಡೆಗೆ ಏರುವುದಿಲ್ಲ.