ಚಿತ್ರ 2 ಅರ್ಥವಾಗಲಿಲ್ಲ ಎಂದ ವಿಮರ್ಶಕರಿಗೆ

“ಚಿತ್ರ 2 ಸ್ಪಷ್ಟವಾಗಿಲ್ಲ. ಕಂಬಗಳ ತುದಿಯಲ್ಲಿರುವ ಗೆರೆಗಳು ಏನನ್ನು ಸೂಚಿಸುತ್ತವೆ? n = 50 ಎಂದರೆ ಯಾವ ಐವತ್ತು?”

ವಿಜ್ಞಾನ ಪತ್ರಿಕೆಗೆ ಪ್ರಬಂಧ ಕಳಿಸಿ ಕಾದು ಕೂತ ಸಂಶೋಧಕರಿಗೆ ಇಂಥ ಟಿಪ್ಪಣಿ ಬರುವುದು ತೀರಾ ಸಾಮಾನ್ಯ. ಬರೆದವರು ಯಾರೆಂದು ಹೆಚ್ಚಿನ ಪತ್ರಿಕೆಗಳಲ್ಲಿ ಗೊತ್ತಾಗುವುದಿಲ್ಲ. ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಸಂಪಾದಕರು ಪ್ರಬಂಧವನ್ನು ಓದಲು ಕೊಡುತ್ತಾರೆ, ಅವರ ಆಕ್ಷೇಪಗಳನ್ನು ಹೆಸರು ತೆಗೆದು ಲೇಖಕರಿಗೆ ದಾಟಿಸುತ್ತಾರೆ. ಹಾಗಾಗಿ ಉತ್ತರದ ಇಮೇಲ್ ಹೋಗುವುದೂ ಸಂಪಾದಕರಿಗೇ. ವಿಮರ್ಶಕರ ಒಂದೊಂದು ಮಾತನ್ನೂ ಹಾಗೇ ಎತ್ತಿ ಬರೆದು, ಅದರ ಕೆಳಗೆ ಉತ್ತರವನ್ನೂ ಪ್ರಬಂಧದ ಯಾವ ಪುಟ, ಯಾವ ಸಾಲು ಬದಲಾಗುತ್ತದೆ ಎಂಬುದನ್ನೂ ಕಾಣಿಸುವುದು ರೂಢಿ.

“ಸ್ಪಷ್ಟವಾಗಿಲ್ಲ” ಎಂದಾಕ್ಷಣ ಅಕ್ಷರ ದೊಡ್ಡದು ಮಾಡಿ, ಬಣ್ಣ ಬದಲಿಸಿ ಕಳಿಸಿಬಿಡುವವರಿದ್ದಾರೆ. ಆದರೆ ಚಿತ್ರ ಮಸುಕಾಗಿರುವುದು ಬಹಳ ಸಲ ಕಣ್ಣಿಗಲ್ಲ, ಲೆಕ್ಕಕ್ಕೆ. ಏನನ್ನು ಎಣಿಸಿದ್ದೇವೆ ಎಂಬುದು ಬರೆದವರಿಗೇ ಖಚಿತವಿಲ್ಲದಿದ್ದರೆ ಅದು ಮೊದಲು ಬಯಲಾಗುವುದು ಚಿತ್ರದಲ್ಲಿ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬಿತ್ತುವ ಮುನ್ನ ರಾಗಿ ಬೀಜವನ್ನು ನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿದರೆ ಸಸಿಯ ಬೇರು ಉದ್ದ ಬರುತ್ತದೆಯೇ ಎಂದು ಒಬ್ಬ ಸಂಶೋಧಕಿ ನೋಡುತ್ತಿದ್ದಾರೆ. ನೆನೆಸದ ಬೀಜಕ್ಕೆ ಐದು ಕುಂಡ, ನೆನೆಸಿದ ಬೀಜಕ್ಕೆ ಐದು ಕುಂಡ. ಪ್ರತಿ ಕುಂಡದಲ್ಲಿ ಹತ್ತು ಸಸಿ. ನೆನೆಸದ ಕುಂಡಗಳಲ್ಲಿ ಬೇರಿನ ಸರಾಸರಿ ಉದ್ದ 6.1, 6.8, 7.0, 7.4, 7.7 ಸೆಂಟಿಮೀಟರ್. ನೆನೆಸಿದವುಗಳಲ್ಲಿ 7.1, 7.3, 7.4, 7.6, 11.6. ಒಟ್ಟು ಸರಾಸರಿ ಒಂದು ಕಡೆ 7.0, ಇನ್ನೊಂದು ಕಡೆ 8.2.

ಪ್ರಬಂಧದ ಚಿತ್ರದಲ್ಲಿ ಇದ್ದದ್ದು ಎರಡೇ ಕಂಬ. ಲಂಬ ಅಕ್ಷ ಸೊನ್ನೆಯಿಂದಲ್ಲ, 6ರಿಂದ ಶುರು. ಹಾಗಾಗಿ ಒಂದು ಕಂಬ 1 ಸೆಂಟಿಮೀಟರಿನಷ್ಟು ಎದ್ದರೆ ಇನ್ನೊಂದು 2.2ರಷ್ಟು ಎದ್ದು, ಬೇರು ಇಮ್ಮಡಿಗಿಂತ ಹೆಚ್ಚು ಬೆಳೆದಂತೆ ಕಾಣುತ್ತದೆ. ನಿಜವಾದ ಹೆಚ್ಚಳ ಶೇ. 17. ಕಂಬದ ನಕ್ಷೆಯಲ್ಲಿ ನಾವು ಓದುವುದೇ ಕಂಬದ ಎತ್ತರವನ್ನು, ಆದ್ದರಿಂದ ಅದರ ಬುಡ ಸೊನ್ನೆಯಲ್ಲೇ ಇರಬೇಕು.

ಇನ್ನು ತುದಿಯ ಗೆರೆ, ಅಂದರೆ ಎರರ್ ಬಾರ್. ಇದು ಮಾನಕ ವಿಚಲನೆಯೋ, ಸ್ಟ್ಯಾಂಡರ್ಡ್ ಎರರೋ ಎಂದು ಚಿತ್ರದ ಕೆಳಗೆ ಬರೆಯದೇ ಹೋದರೆ ಆ ಗೆರೆಗೆ ಅರ್ಥವೇ ಇಲ್ಲ. ಮಾನಕ ವಿಚಲನೆ ಹೇಳುವುದು ಕುಂಡ ಕುಂಡಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನು. ನೆನೆಸಿದ ಗುಂಪಿನಲ್ಲಿ ಅದು 1.9 ಸೆಂಟಿಮೀಟರ್. ಸ್ಟ್ಯಾಂಡರ್ಡ್ ಎರರ್ ಹೇಳುವುದು ನಮ್ಮ ಸರಾಸರಿಯನ್ನು ಎಷ್ಟರ ಮಟ್ಟಿಗೆ ನೆಚ್ಚಬಹುದು ಎಂಬುದನ್ನು. ಮಾನಕ ವಿಚಲನೆಯನ್ನು n ಎಂಬ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಅದು ಸಿಗುತ್ತದೆ. n ದೊಡ್ಡದಾದಷ್ಟೂ ಗೆರೆ ಗಿಡ್ಡ, ಫಲಿತಾಂಶ ಗಟ್ಟಿ ಎಂಬ ಭಾವನೆ.

ವಿಮರ್ಶಕರ ಎರಡನೇ ಪ್ರಶ್ನೆ ಬಂದು ನಾಟುವುದು ಇಲ್ಲೇ. ಐವತ್ತು ಎಂದರೆ ಸಸಿಗಳು. ಆದರೆ ಒಂದೇ ಕುಂಡದ ಹತ್ತು ಸಸಿಗಳಿಗೆ ಮಣ್ಣು ಒಂದೇ, ನೀರು ಒಂದೇ, ಬಿಸಿಲೂ ಒಂದೇ. ಆ ಕುಂಡಕ್ಕೆ ಗೊಬ್ಬರ ತುಸು ಹೆಚ್ಚು ಬಿದ್ದಿದ್ದರೆ ಹತ್ತೂ ಒಟ್ಟಿಗೆ ಉದ್ದ ಬೆಳೆಯುತ್ತವೆ. ಅವು ಹತ್ತು ಪ್ರತ್ಯೇಕ ಸಾಕ್ಷಿಗಳಲ್ಲ, ಹೆಚ್ಚುಕಡಿಮೆ ಒಂದೇ ಸಾಕ್ಷಿ. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಈ ತಪ್ಪಿಗೆ ಸ್ಯೂಡೊರೆಪ್ಲಿಕೇಶನ್ ಎಂದು ಹೆಸರಿಟ್ಟು, ಕ್ಷೇತ್ರ ಪ್ರಯೋಗಗಳಲ್ಲಿ ಅದು ಎಷ್ಟು ಹಬ್ಬಿದೆ ಎಂದು ತೋರಿಸಿದ್ದರು. ಇಂದಿಗೂ ಅದು ಹೋಗಿಲ್ಲ. ನಮ್ಮ ಲೆಕ್ಕದಲ್ಲಿ 5ರ ವರ್ಗಮೂಲ ಸುಮಾರು 2.2, 50ರ ವರ್ಗಮೂಲ ಸುಮಾರು 7. ಹರಡಿಕೆ ಅಷ್ಟೇ ಇದ್ದರೂ ಕುಂಡದ ಬದಲು ಸಸಿ ಎಣಿಸಿದ ಮಾತ್ರಕ್ಕೆ ಗೆರೆ ಮೂರರಲ್ಲಿ ಒಂದು ಭಾಗಕ್ಕಿಂತ ಗಿಡ್ಡವಾಗುತ್ತದೆ. ಕುಂಡವನ್ನೇ ಎಣಿಸಿದರೆ ಎರಡು ಗುಂಪುಗಳ ಅಂತರ 1.2, ಆ ಅಂತರದ ಸ್ಟ್ಯಾಂಡರ್ಡ್ ಎರರ್ ಸುಮಾರು 0.9. ಇಷ್ಟರ ಬಲದ ಮೇಲೆ ‘ನೆನೆಸಿದರೆ ಬೇರು ಉದ್ದವಾಗುತ್ತದೆ’ ಎಂದು ಸಾರಲು ಬರುವುದಿಲ್ಲ.

ಅಷ್ಟೇ ಅಲ್ಲ. ಐದನೇ ಕುಂಡವನ್ನು ಬಿಟ್ಟು ನೋಡಿದರೆ ನೆನೆಸಿದ ಗುಂಪಿನ ಸರಾಸರಿ 7.35ಕ್ಕೆ ಇಳಿಯುತ್ತದೆ. ಅಂತರದ ಬಹುಪಾಲು ಆ ಒಂದು ಕುಂಡದ್ದು. ಕಂಬ ಇದನ್ನು ಪೂರ್ತಿ ಮುಚ್ಚಿಟ್ಟಿತ್ತು. ಟ್ರೇಸಿ ವೈಸ್‌ಗರ್ಬರ್ ಮತ್ತು ಸಂಗಡಿಗರು 2015ರಲ್ಲಿ ಪ್ಲಾಸ್ ಬಯಾಲಜಿ ಪತ್ರಿಕೆಯಲ್ಲಿ ಹೇಳಿದ್ದು ಇದನ್ನೇ: ಬೇರೆ ಬೇರೆ ಬಗೆಯ ದತ್ತಾಂಶಗಳು ಒಂದೇ ಕಂಬವಾಗಿ ಕಾಣಬಲ್ಲವು, ಮಾದರಿ ಚಿಕ್ಕದಿದ್ದಾಗ ಬಿಂದುಗಳನ್ನೇ ತೋರಿಸಿ.

ಇಷ್ಟನ್ನು ಮನಗಂಡ ಮೇಲೆ ಬರೆಯುವ ಇಮೇಲ್ ಹೇಗಿರಬೇಕು? ಸಾಮಾನ್ಯವಾಗಿ ಅದು ಹೋಗುವುದು ಇಂಗ್ಲಿಷಿನಲ್ಲಿ. ಒಕ್ಕಣೆಯನ್ನು ಕನ್ನಡದಲ್ಲಿ ಕೊಡುತ್ತೇನೆ.

“ಮಾನ್ಯ ಸಂಪಾದಕರೆ, ಚಿತ್ರ 2ರ ಬಗ್ಗೆ ಎರಡನೇ ವಿಮರ್ಶಕರು ಕೇಳಿದ್ದು ಸರಿಯಾಗಿದೆ. ಗೆರೆಗಳು ಸ್ಟ್ಯಾಂಡರ್ಡ್ ಎರರ್. ಐವತ್ತು ಎಂದು ನಾವು ಬರೆದದ್ದು ಸಸಿಗಳ ಸಂಖ್ಯೆ. ಬೀಜೋಪಚಾರವನ್ನು ಕುಂಡಕ್ಕೊಂದರಂತೆ ಹಂಚಿದ್ದರಿಂದ n ಐದು ಎಂದೇ ಆಗಬೇಕಿತ್ತು. ಪರಿಷ್ಕರಣೆಯಲ್ಲಿ ಕಂಬಗಳನ್ನು ತೆಗೆದು ಹತ್ತೂ ಕುಂಡಗಳನ್ನು ಬಿಂದುಗಳಾಗಿ ತೋರಿಸುತ್ತೇವೆ, ಪ್ರತಿ ಗುಂಪಿನ ಮಧ್ಯಾಂಕಕ್ಕೆ ಒಂದು ಅಡ್ಡಗೆರೆ ಎಳೆಯುತ್ತೇವೆ. ಕೆಂಪು-ಹಸಿರು ಬಿಟ್ಟು ನೀಲಿ-ಕಿತ್ತಳೆ ಬಳಸುತ್ತೇವೆ. ಕುಂಡವನ್ನು ಘಟಕವಾಗಿಟ್ಟು ಪರೀಕ್ಷೆಯನ್ನು ಮತ್ತೆ ಮಾಡಿ ಕೋಷ್ಟಕ 1ನ್ನು ಬದಲಿಸುತ್ತೇವೆ. 11.6 ಸೆಂ.ಮೀ. ಬಂದ ಕುಂಡದ ದಾಖಲೆ ಪರಿಶೀಲಿಸಿದೆವು. ಅಳತೆಯಲ್ಲಿ ದೋಷ ಕಾಣಲಿಲ್ಲ. ಆದ್ದರಿಂದ ಅದನ್ನು ಉಳಿಸಿಕೊಂಡು, ಅದಿಲ್ಲದ ಲೆಕ್ಕವನ್ನೂ ಪಕ್ಕದಲ್ಲಿ ಕೊಡುತ್ತೇವೆ. ಸಾರಾಂಶದ ‘ಹೆಚ್ಚಿಸುತ್ತದೆ’ ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತೇವೆ. ಹೊಲದಲ್ಲಿ ಪ್ರಯೋಗ ಮಾಡಬೇಕೆಂಬ ಸಲಹೆ ಒಳ್ಳೆಯದು, ಆದರೆ ಅದಕ್ಕೊಂದು ಪೂರ್ತಿ ಹಂಗಾಮು ಬೇಕು. ಈ ಪ್ರಬಂಧದಲ್ಲಿ ಅದನ್ನು ಸೇರಿಸಲಾರೆವು, ಮಿತಿಗಳ ಭಾಗದಲ್ಲಿ ಹೇಳುತ್ತೇವೆ.”

ಇದರಲ್ಲಿ ನನಗೆ ಮುಖ್ಯವೆನಿಸುವುದು ಮೊದಲ ಎರಡು ವಾಕ್ಯಗಳು. ಕೇಳಿದ್ದಕ್ಕೆ ಅಲ್ಲೇ ಉತ್ತರ ಸಿಕ್ಕಿದೆ, ವಿಮರ್ಶಕರು ಹುಡುಕಬೇಕಾಗಿಲ್ಲ. ಬಹಳ ಪತ್ರಗಳು ಅರ್ಧ ಪುಟ ಕೃತಜ್ಞತೆ ಹೇಳಿ, “ಚಿತ್ರವನ್ನು ಸುಧಾರಿಸಲಾಗಿದೆ” ಎಂದು ಮುಗಿಸುತ್ತವೆ. ಏನು ಸುಧಾರಿಸಿತು ಎಂಬುದೇ ಗೊತ್ತಾಗುವುದಿಲ್ಲ. ದೂರ ಸರಿದ ಕುಂಡವನ್ನು ಸದ್ದಿಲ್ಲದೆ ಕೈಬಿಡುವುದಂತೂ ಅಪ್ರಾಮಾಣಿಕತೆ. ನೀರು ಸೋರಿತ್ತು, ಲೇಬಲ್ ಅದಲುಬದಲಾಗಿತ್ತು ಎಂಬಂಥ ಕಾರಣ ದಾಖಲೆ ಪುಸ್ತಕದಲ್ಲಿ ಆಗಲೇ ಬರೆದಿದ್ದರೆ ಮಾತು ಬೇರೆ.

ಮಾಡಿದ ಬದಲಾವಣೆ, ಮಾಡಲಿರುವ ಬದಲಾವಣೆ, ಮಾಡಲಾಗದ್ದು, ಇವನ್ನು ಬೆರೆಸದಿರುವುದೂ ಅಷ್ಟೇ ಅಗತ್ಯ. 2019ರಲ್ಲಿ ಆರಂಭವಾದ ರಿವ್ಯೂ ಕಾಮನ್ಸ್ ಎಂಬ ವೇದಿಕೆಯ ಪರಿಷ್ಕರಣೆ ಯೋಜನೆಯ ನಮೂನೆಯಲ್ಲಿ ಈ ಮೂರಕ್ಕೂ ಬೇರೆ ಬೇರೆ ಭಾಗಗಳೇ ಇವೆ. ಅಲ್ಲಿ ವಿಮರ್ಶೆ ಮುಗಿದ ಮೇಲೆ ಲೇಖಕರು ಪ್ರಬಂಧವನ್ನು ಯಾವುದಾದರೊಂದು ಸಹಭಾಗಿ ಪತ್ರಿಕೆಗೆ ಕಳಿಸಬಹುದು. ಆ ಯೋಜನೆ ಓದಿ ಸಂಪಾದಕರು ಮುಂದಿನ ತೀರ್ಮಾನ ತೆಗೆದುಕೊಳ್ಳುತ್ತಾರೆ. ಇಲೈಫ್ ಪತ್ರಿಕೆ ವಿಮರ್ಶೆಗಳನ್ನೂ ಲೇಖಕರ ಉತ್ತರವನ್ನೂ ಪ್ರಬಂಧದ ಜೊತೆಯಲ್ಲೇ ಪ್ರಕಟಿಸುತ್ತದೆ. ಹಾಗಾಗಿ “ಮಾಡುತ್ತೇವೆ” ಎಂದದ್ದನ್ನು ಮುಂದಿನ ಆವೃತ್ತಿಯಲ್ಲಿ ಮಾಡಿದ್ದಾರೆಯೇ ಎಂದು ಯಾವ ಓದುಗ ಬೇಕಾದರೂ ಹೋಲಿಸಿ ನೋಡಬಹುದು.

ರಾಗಿ ಪ್ರಬಂಧದ ಹೊಸ ಚಿತ್ರದಲ್ಲಿ ಎರಡು ಮಧ್ಯಾಂಕಗಳು 7.0 ಮತ್ತು 7.4. ಹತ್ತು ಬಿಂದುಗಳಲ್ಲಿ ಒಂಬತ್ತು 6ರಿಂದ 8ರ ನಡುವೆ ಬೆರೆತು ನಿಂತಿವೆ, ಒಂದು ಮಾತ್ರ ದೂರ ಮೇಲೆ. ಇದನ್ನು ನೋಡಿದ ವಿಮರ್ಶಕರ ಮುಂದಿನ ಪ್ರಶ್ನೆ ಆ ಕುಂಡದ ಮಣ್ಣಿನ ಬಗ್ಗೆಯೇ ಇರುತ್ತದೆ. ಸಂಶೋಧಕಿ ಇನ್ನಷ್ಟು ಕುಂಡಗಳಿಟ್ಟು ಪ್ರಯೋಗವನ್ನು ಮತ್ತೊಮ್ಮೆ ಮಾಡದೆ ಅದಕ್ಕೆ ಉತ್ತರವಿಲ್ಲ.