ಮೊಲದ ಮರಿ ಮತ್ತು ‘ಹೋಲ್ಡೆಡ್’

ನಾಲ್ಕು ವರ್ಷದ ಮಗುವೊಂದರ ಈ ಪುಟ್ಟ ಕಥೆಯನ್ನು ದಾಖಲಿಸಿದವರು ಅಮೆರಿಕದ ಸಂಶೋಧಕಿ ಕೋರ್ಟ್ನಿ ಕ್ಯಾಸ್ಡನ್. ಟೀಚರ್ ಮೊಲದ ಮರಿಗಳನ್ನು ಹಿಡಿದುಕೊಂಡರು ಎಂದು ಹೇಳುವಾಗ ಮಗು ‘ಹೆಲ್ಡ್’ ಬದಲು ‘ಹೋಲ್ಡೆಡ್’ ಎಂದಿತು. ದೊಡ್ಡವರು ‘ಹೆಲ್ಡ್’ ಎಂದೇ ಬಳಸಿ ಹೌದಾ ಎಂದು ಕೇಳಿದರು. ಮಗು ಹೌದೆಂದಿತು. ಏನು ಮಾಡಿದರು ಎಂದು ಮತ್ತೆ ಕೇಳಿದರೆ, ಮತ್ತೆ ‘ಹೋಲ್ಡೆಡ್’! ಬಿಗಿಯಾಗಿ ಹಿಡಿದಿದ್ದರಾ ಎಂದಾಗ, ಇಲ್ಲ, ಸಡಿಲವಾಗಿ ‘ಹೋಲ್ಡೆಡ್’ ಎಂದು ತಿದ್ದಿದ್ದು ಮಗುವೇ.

ಮಗುವಿಗೆ ‘ಹೆಲ್ಡ್’ ಅರ್ಥವಾಗುತ್ತಿತ್ತು. ಆದರೂ ಯಾರ ಬಾಯಲ್ಲೂ ಕೇಳಿರದ ರೂಪವನ್ನು ಅದು ತಾನೇ ಕಟ್ಟಿತ್ತು. ಕೇಳಿದ್ದನ್ನು ಒಪ್ಪಿಸುವುದಷ್ಟೇ ಕಲಿಕೆಯಾಗಿದ್ದರೆ ಈ ತಪ್ಪು ಹುಟ್ಟುತ್ತಲೇ ಇರಲಿಲ್ಲ.

ಜೀನ್ ಬರ್ಕೊ 1958ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ‘ರಿಕ್’ ಎಂಬ ಕ್ರಿಯಾಪದ ಅವರ ಸೃಷ್ಟಿ. ಅದನ್ನು ಭೂತಕಾಲಕ್ಕೆ ತರಲು ಹೇಳಿದರೆ ಹಲವು ಮಕ್ಕಳು ತಡವರಿಸದೆ ‘ರಿಕ್ಟ್’ ಎಂದರು.

ಸ್ವಾರಸ್ಯವೆಂದರೆ, ಇದೇ ಮಕ್ಕಳು ಮೊದಮೊದಲು ‘ವೆಂಟ್’ ಎಂದು ಸರಿಯಾಗಿಯೇ ಹೇಳಿರುತ್ತಾರೆ. ನಿಯಮ ಕೈಗೆ ಸಿಕ್ಕ ಮೇಲೆ ‘ಗೋಡ್’ ಇಣುಕುತ್ತದೆ. ಅನಿಯಮಿತ ರೂಪ ತಕ್ಷಣ ನೆನಪಿಗೆ ಬಾರದಾಗ ನಿಯಮ ಆ ಜಾಗ ತುಂಬುತ್ತದೆ ಎಂಬುದು ಗ್ಯಾರಿ ಮಾರ್ಕಸ್, ಸ್ಟೀವನ್ ಪಿಂಕರ್ ಮುಂತಾದವರ ವಿವರಣೆ. ಎಲ್ಲರೂ ಇದನ್ನು ಒಪ್ಪಿಲ್ಲ. ಚರ್ಚೆ ನಡೆದೇ ಇದೆ.

ಕನ್ನಡದಲ್ಲೂ ಇದಕ್ಕೆ ಅವಕಾಶ ಧಾರಾಳ. ‘ಮಾಡು–ಮಾಡಿದೆ’ ಮಾದರಿ ಹಿಡಿದ ಮಗು ‘ತಿಂದೆ’ ಬದಲು ‘ತಿನ್ನಿದೆ’ ಎನ್ನಬಹುದು. ಆಗ ಗದರಬೇಡಿ. ‘ಹೌದಾ, ಏನು ತಿಂದೆ?’ ಎಂದು ಮಾತು ಮುಂದುವರಿಸಿ.