ಬಸುರಿ ಆದ್ರೆ ಪಂಪು ಬಿಡಬೇಕಾ? ಉಬ್ಬಸ ಇರುವವರು ಇನ್‌ಹೇಲರ್ ನಿಲ್ಲಿಸಿದರೆ ತೊಂದರೆ ಮಗುವಿಗೇ

ಹಾಸನ: ಕಣದಲ್ಲಿ ರಾಗಿ ಒಕ್ಕಣೆ, ಬೆಳಗಿನ ಜಾವ ಮಂಜು. ಉಬ್ಬಸ ಇರುವವರಿಗೆ ಇದು ಕಷ್ಟದ ಕಾಲ. ಗರ್ಭಿಣಿಯರಿಗೆ ಇದರ ಜೊತೆ ಇನ್ನೊಂದು ತಲೆನೋವು. ಬಸುರಿ ಅಂತ ಗೊತ್ತಾದ ವಾರದಲ್ಲೇ ಮನೆಯ ಹಿರಿಯರು 'ಪಂಪು ಬಿಟ್ಬಿಡವ್ವ, ಕೂಸಿಗೆ ಆಗಲ್ಲ' ಅಂತಾರೆ. ಕಾಳಜಿಯಿಂದಲೇ ಹೇಳೋದು. ಆದರೆ ಕೂಸಿಗೆ ಆಗದೇ ಇರೋದು ಪಂಪಲ್ಲ, ಹತೋಟಿ ತಪ್ಪಿದ ಉಬ್ಬಸ.

ಹೀಗೊಂದು ಉದಾಹರಣೆ ನೋಡಿ. ಒಬ್ಬಾಕೆ ದಿನಾ ಬೆಳಿಗ್ಗೆ ಒಂದು, ರಾತ್ರಿ ಒಂದು ಪಫ್ ಬುಡೆಸೊನೈಡ್ ಎಳೆಯುತ್ತಿದ್ದಾಳೆ. ಒಂದು ಪಫ್‌ನಲ್ಲಿ 200 ಮೈಕ್ರೋಗ್ರಾಂ. ಎರಡನೇ ತಿಂಗಳಲ್ಲಿ ನಿಲ್ಲಿಸುತ್ತಾಳೆ. ಮೊದಲ ಕೆಲವು ವಾರ ಏನೂ ಆಗಲ್ಲ. ಮೋಸ ಇರೋದೇ ಇಲ್ಲಿ. ಈ ಔಷಧಿ ಮಾಡೋ ಕೆಲಸ ಶ್ವಾಸನಾಳದ ಒಳಗಿನ ಊತ ಇಳಿಸೋದು. ಬಿಟ್ಟ ಮೇಲೆ ಊತ ನಿಧಾನಕ್ಕೆ ವಾಪಸ್ ಬರುತ್ತೆ, ಅಷ್ಟರಲ್ಲಿ 'ಬಿಟ್ಟಿದ್ದೇ ಒಳ್ಳೇದಾಯ್ತು' ಅಂತ ಮನೆಯವರಿಗೆ ಅನಿಸಿರುತ್ತೆ.

ಐದನೇ ತಿಂಗಳಲ್ಲಿ ಒಕ್ಕಣೆ ಧೂಳಿಗೆ ರಾತ್ರಿ ಮೂರು ಗಂಟೆಗೆ ಕೆಮ್ಮಿ ಎದ್ದು ಕೂರುವುದು ಶುರು. ಆಗ ನೀಲಿ ಪಂಪು ಕೈಗೆ ಬರುತ್ತೆ. ಅದರಲ್ಲಿರೋದು ಸಾಲ್ಬುಟಮಾಲ್. ಬಿಗಿದುಕೊಂಡ ನಾಳವನ್ನ ಕೆಲವೇ ನಿಮಿಷದಲ್ಲಿ ಸಡಿಲ ಮಾಡುತ್ತೆ, ಆದರೆ ಒಳಗಿನ ಊತ ಹಾಗೇ ಇರುತ್ತೆ. ವಾರಕ್ಕೆ ಒಂದು ಸಲ ಬೇಕಾಗಿದ್ದು ದಿನಕ್ಕೆ ನಾಲ್ಕು ಸಲ ಆಗುತ್ತೆ. ಆರನೇ ತಿಂಗಳಲ್ಲಿ ಒಂದು ರಾತ್ರಿ ಮಾತಾಡೋಕೂ ಉಸಿರು ಸಾಲದೆ ಆಸ್ಪತ್ರೆಗೆ ಓಡಬೇಕಾಗುತ್ತೆ. ಗರ್ಭಿಣಿಯರಲ್ಲಿ ಉಬ್ಬಸ ಜೋರಾಗೋದು ಹೆಚ್ಚಾಗಿ ಆರನೇ ತಿಂಗಳ ಆಚೀಚೆ ಮತ್ತು ಅದರ ನಂತರವೇ.

ಹೊಟ್ಟೆಯಲ್ಲಿರೋ ಮಗು ತಾನಾಗಿ ಉಸಿರಾಡಲ್ಲ. ತಾಯಿಯ ರಕ್ತದ ಆಮ್ಲಜನಕ ಮಾಸಿನ ಮೂಲಕ ಅದಕ್ಕೆ ಹೋಗಬೇಕು. ಮಗುವಿನ ರಕ್ತದಲ್ಲಿ ಆಮ್ಲಜನಕ ಮೊದಲೇ ತಾಯಿಗಿಂತ ಬಹಳ ಕಡಿಮೆ ಇರುತ್ತೆ. ಹಾಗಾಗಿ ತಾಯಿಗೆ ಸ್ವಲ್ಪ ಕಡಿಮೆಯಾದರೂ ಮಗುವಿಗೆ ಜಾಸ್ತಿ ಪೆಟ್ಟು. ಬೆರಳಿಗೆ ಸಿಕ್ಕಿಸೋ ಮೀಟರ್‌ನಲ್ಲಿ ಗರ್ಭಿಣಿಗೆ 95ರ ಕೆಳಗೆ ಬರಬಾರದು ಅಂತ ವೈದ್ಯರು ನೋಡೋದು ಇದಕ್ಕೇ. ತಿಂಗಳುಗಟ್ಟಲೆ ಉಬ್ಬಸ ಹತೋಟಿಯಲ್ಲಿ ಇಲ್ಲದಿದ್ದರೆ ಮಗುವಿನ ತೂಕ ಕಡಿಮೆಯಾಗೋ, ದಿನ ತುಂಬುವ ಮೊದಲೇ ಹೆರಿಗೆ ಆಗೋ, ತಾಯಿಗೆ ಬಿಪಿ ಏರೋ ಸಾಧ್ಯತೆ ಹೆಚ್ಚು. ಉಬ್ಬಸ ಹತೋಟಿಯಲ್ಲಿದ್ದರೆ ಈ ಅಪಾಯ ತುಂಬಾ ಇಳಿಯುತ್ತೆ.

'ಸ್ಟಿರಾಯ್ಡ್ ಅಲ್ವಾ' ಅನ್ನೋ ಭಯಕ್ಕೂ ಲೆಕ್ಕ ಇದೆ. ದಿನಕ್ಕೆ ಎರಡು ಪಫ್ ಅಂದರೆ 400 ಮೈಕ್ರೋಗ್ರಾಂ, ಅಂದರೆ ಅರ್ಧ ಮಿಲಿಗ್ರಾಂ ಕೂಡ ಇಲ್ಲ. ಅದು ನೇರ ಶ್ವಾಸನಾಳಕ್ಕೆ ಹೋಗುತ್ತೆ, ರಕ್ತಕ್ಕೆ ಸೇರೋದು ಕೊಂಚ. ಪಂಪು ಬಿಟ್ಟು ಆಸ್ಪತ್ರೆ ಸೇರಿದರೆ ಪ್ರೆಡ್ನಿಸೋಲೋನ್ ಮಾತ್ರೆಯನ್ನ ದಿನಕ್ಕೆ 40 ಮಿಲಿಗ್ರಾಂವರೆಗೂ ಐದಾರು ದಿನ ಕೊಡಬೇಕಾಗಬಹುದು. ಎರಡೂ ಬೇರೆ ಔಷಧಿ, ತೂಕಕ್ಕೆ ತೂಕ ಹೋಲಿಸೋಕಾಗಲ್ಲ. ಆದ್ರೂ ಸ್ಟಿರಾಯ್ಡ್‌ಗೆ ಹೆದರಿ ಪಂಪು ಬಿಟ್ಟವರ ಮೈಗೇ ಜಾಸ್ತಿ ಸ್ಟಿರಾಯ್ಡ್ ಸೇರುತ್ತೆ ಅನ್ನೋದು ನಿಜ. ಹಾಗಂತ ಉಬ್ಬಸ ಜೋರಾದಾಗ ಆ ಮಾತ್ರೆ ಬೇಡ ಅನ್ನಬಾರದು. ಆಗ ಅದೇ ಬೇಕು.

ಬಸುರಿಯಲ್ಲಿ ಉಬ್ಬಸ ಇಲ್ಲದವರಿಗೂ ಏದುಸಿರು ಬರುತ್ತೆ, ಹಾರ್ಮೋನ್ ಕಾರಣ. ಆದರೆ ಅದರಲ್ಲಿ ಗೊರಗೊರ ಸದ್ದು, ಎದೆ ಬಿಗಿತ, ರಾತ್ರಿ ಕೆಮ್ಮು ಇರಲ್ಲ. ಇವು ಇದ್ದರೆ, ಅಥವಾ ನೀಲಿ ಪಂಪು ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಕಾದರೆ, ಹತೋಟಿ ತಪ್ಪುತ್ತಿದೆ ಅಂತ ಅರ್ಥ. ಪಂಪು ಸರಿಯಾಗಿ ಹಾಕಿಕೊಂಡರೂ ಸುಮಾರು ಮೂರರಲ್ಲಿ ಒಬ್ಬರಿಗೆ ಗರ್ಭಾವಸ್ಥೆಯಲ್ಲಿ ಉಬ್ಬಸ ಹೆಚ್ಚಾಗಬಹುದು. ಡೋಸ್ ಬದಲಿಸಬೇಕಾ ಅಂತ ವೈದ್ಯರು ನೋಡ್ತಾರೆ, ನಾವಾಗೇ ಏರಿಸಿ ಇಳಿಸೋದಲ್ಲ. ಈಗಾಗಲೇ ನಿಲ್ಲಿಸಿದವರು ಮುಂದಿನ ಚೆಕಪ್‌ಗೆ ಕಾಯದೆ ಈ ವಾರವೇ ತೋರಿಸಬೇಕು. ಮಾತಾಡೋಕೆ ಉಸಿರು ಸಾಲದಿದ್ದರೆ, ನೀಲಿ ಪಂಪಿಗೂ ಕಡಿಮೆಯಾಗದಿದ್ದರೆ, ಮಗು ಆಡೋದು ಕಡಿಮೆ ಅನಿಸಿದರೆ 108ಕ್ಕೆ ಕರೆ ಮಾಡಬೇಕು.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ: ತಾಯಿ ಕಾರ್ಡ್‌ನಲ್ಲಿ 'ಉಬ್ಬಸ ಇದೆ' ಅಂತ ಬರೆಸಿರಬೇಕು. ಹೆರಿಗೆ ಆದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ಕೊಡುವ ಇಂಜೆಕ್ಷನ್‌ಗಳಲ್ಲಿ ಕಾರ್ಬೊಪ್ರೋಸ್ಟ್ ಒಂದು. ಉಬ್ಬಸ ಇರುವವರಿಗೆ ಅದು ಶ್ವಾಸನಾಳ ಬಿಗಿಯೋ ಹಾಗೆ ಮಾಡಬಹುದು. ಮೊದಲೇ ಗೊತ್ತಿದ್ದರೆ ವೈದ್ಯರು ಬೇರೆ ಔಷಧಿ ನೋಡ್ತಾರೆ. ಹೆರಿಗೆಗೆ ಹೋಗುವಾಗ ಬ್ಯಾಗ್‌ನಲ್ಲಿ ಮಗುವಿನ ಬಟ್ಟೆ ಜೊತೆ ಎರಡೂ ಪಂಪು ಇರಲಿ. ನೋವು ಶುರುವಾದ ದಿನವೂ ಎಂದಿನ ಪಫ್ ತಪ್ಪಿಸುವಂತಿಲ್ಲ, ಹಾಲೂಡಿಸುವಾಗಲೂ ಮುಂದುವರಿಸಬಹುದು.